ನಿವೃತ್ತಿಯ ಹಣಕ್ಕೆ ಮೂರು ಅರ್ಜಿ: ಯಾವಾಗ, ಯಾರಿಗೆ, ಯಾವ ಕಾಗದದೊಂದಿಗೆ

ಮಲ್ಲತ್ತಹಳ್ಳಿಯಲ್ಲಿ ಮನೆ ಮಾಡಿಕೊಂಡು ಪೀಣ್ಯದ ಖಾಸಗಿ ಕಾರ್ಖಾನೆಗೆ ಹೋಗಿಬರುವ ಕಾರ್ಮಿಕರು ನಿವೃತ್ತರಾದಾಗ ಮೂರು ಬಗೆಯ ಹಣ ಬರಬೇಕು. ಗ್ರಾಚ್ಯುಟಿ ಕೊಡಬೇಕಾದವರು ಮಾಲೀಕರು. ಪಿ.ಎಫ್. ಮೊತ್ತ ಮತ್ತು ತಿಂಗಳ ಪಿಂಚಣಿ ಕೊಡುವುದು ಭವಿಷ್ಯನಿಧಿ ಸಂಸ್ಥೆ. ಮೂರಕ್ಕೂ ಅರ್ಜಿ ಬೇರೆ, ಗಡುವೂ ಬೇರೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಕಾರ್ಮಿಕರೊಬ್ಬರು ಹುಟ್ಟಿದ್ದು 1968ರ ಜೂನ್ 10ರಂದು, ಕೆಲಸಕ್ಕೆ ಸೇರಿದ್ದು 2008ರ ಸೆಪ್ಟೆಂಬರ್ 1ರಂದು. ಅಂದಿನಿಂದಲೂ ಪಿಂಚಣಿ ಯೋಜನೆಯ ಸದಸ್ಯರು. ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ ಕೊನೆಯ ಸಂಬಳ 26,000 ರೂಪಾಯಿ. ಅವರ ಕಾರ್ಖಾನೆಯಲ್ಲಿ ನಿವೃತ್ತಿ 58ಕ್ಕೆ, ಅಂದರೆ 2026ರ ಜೂನ್ 10ಕ್ಕೆ.

ಎಷ್ಟು ಬರಬೇಕು?

ಅವರ ಸೇವೆ 17 ವರ್ಷ 9 ತಿಂಗಳು. ಗ್ರಾಚ್ಯುಟಿಯಲ್ಲಿ ಕೊನೆಯ ತುಂಡು ಆರು ತಿಂಗಳು ಮೀರಿದ್ದರೆ ಪೂರ್ಣ ವರ್ಷವೆಂದೇ ಎಣಿಕೆ, ಹಾಗಾಗಿ 18 ವರ್ಷ. ಸಂಬಳವನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿದರೆ ವರ್ಷಕ್ಕೆ 15,000. ಒಟ್ಟು 2,70,000 ರೂಪಾಯಿ.

ಪಿಂಚಣಿಯ ಲೆಕ್ಕದಲ್ಲಿ ಅನೇಕರು ಮೋಸವಾಯಿತೆಂದು ಭಾವಿಸುತ್ತಾರೆ. ಸಂಬಳ ಎಷ್ಟೇ ಇರಲಿ, ಸಾಮಾನ್ಯವಾಗಿ 2014ರ ಆಗಸ್ಟ್ 31ರವರೆಗಿನ ಸೇವೆಗೆ 6,500 ರೂಪಾಯಿ, ಆಮೇಲಿನದಕ್ಕೆ 15,000 ರೂಪಾಯಿ ಮಿತಿ. ಇವರಿಗೆ ಮೊದಲ ಭಾಗ 6 ವರ್ಷ, ಎರಡನೆಯದು ಸುಮಾರು 12 ವರ್ಷ. ಎರಡನ್ನೂ ಆಯಾ ಮಿತಿಯಿಂದ ಗುಣಿಸಿ, ಕೂಡಿಸಿ, 70ರಿಂದ ಭಾಗಿಸಿದರೆ ತಿಂಗಳಿಗೆ ಸುಮಾರು 3,100 ರೂಪಾಯಿ. ಇದಕ್ಕಿಂತ ತೀರಾ ಕಡಿಮೆ ಬಂದರೆ ಹಿಂದಿನ ಸೇವೆ ಲೆಕ್ಕಕ್ಕೆ ಸೇರಿಲ್ಲವೆಂದೇ ಅನುಮಾನಿಸಬೇಕು.

ಕಾರ್ಖಾನೆಯ ನಿವೃತ್ತಿ 60ಕ್ಕೆ ಇದ್ದರೂ ಪಿಂಚಣಿಯ ಹಕ್ಕು 58ಕ್ಕೇ ಬರುತ್ತದೆ, ಕೆಲಸ ಬಿಡಬೇಕಿಲ್ಲ. ಬೇಕಿದ್ದರೆ 60ರವರೆಗೆ ಮುಂದೂಡಬಹುದು. ಆಗ ವರ್ಷಕ್ಕೆ ಶೇ. 4ರಷ್ಟು ಹೆಚ್ಚಾಗುತ್ತದೆ.

ಜೋಡಿಸಿಡಬೇಕಾದ ಕಾಗದಗಳು

- ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ ಅಥವಾ ರದ್ದು ಮಾಡಿದ ಚೆಕ್
- ಜನ್ಮದಿನಾಂಕಕ್ಕೆ ಎಸ್.ಎಸ್.ಎಲ್.ಸಿ. ಅಂಕಪಟ್ಟಿ ಅಥವಾ ಜನನ ಪ್ರಮಾಣಪತ್ರ
- ಪತಿ-ಪತ್ನಿ ಜೊತೆಗಿರುವ ಫೋಟೊ. 25 ವರ್ಷದೊಳಗಿನ ಮಕ್ಕಳಿದ್ದರೆ ಅವರ ವಯಸ್ಸಿನ ದಾಖಲೆ
- ನೇಮಕಾತಿ ಪತ್ರ, ಕೊನೆಯ ತಿಂಗಳುಗಳ ಸಂಬಳದ ಚೀಟಿ
- ಹಳೆಯ ಕಂಪನಿಗಳ ಪಿ.ಎಫ್. ಸಂಖ್ಯೆ, ಪಡೆದಿದ್ದರೆ ಸ್ಕೀಮ್ ಸರ್ಟಿಫಿಕೇಟ್

ದಿನಾಂಕಗಳ ಪಟ್ಟಿ

*ಮಾರ್ಚ್ 10.* ಭವಿಷ್ಯನಿಧಿಯ ಸದಸ್ಯರ ಪೋರ್ಟಲ್‌ನಲ್ಲಿ Service History ತೆರೆದು ನೋಡಿ. ಹೆಸರಿನ ಇನಿಷಿಯಲ್, ತಂದೆಯ ಹೆಸರು, ಹುಟ್ಟಿದ ದಿನ ಆಧಾರ್‌ನಲ್ಲಿದ್ದಂತೆಯೇ ಇರಬೇಕು. ಅರ್ಜಿಗಳು ತಿರಸ್ಕೃತವಾಗಲು ಇದೇ ದೊಡ್ಡ ಕಾರಣ. ತಪ್ಪಿದ್ದರೆ ಜಂಟಿ ಘೋಷಣೆ ಸಲ್ಲಿಸಿ. ಹಳೆಯ ಕಂಪನಿಯ ಖಾತೆ ಸೇರಿಲ್ಲದಿದ್ದರೆ ವರ್ಗಾವಣೆ ಕೋರಿ. ಇದಕ್ಕೆ ಮೂರು ತಿಂಗಳ ಬಿಡುವು ಬೇಕು.

*ಮೇ 10.* ಗ್ರಾಚ್ಯುಟಿಗೆ ಮಾಲೀಕರಿಗೆ ಲಿಖಿತ ಅರ್ಜಿ ಕೊಟ್ಟು, ಪ್ರತಿಯ ಮೇಲೆ ದಿನಾಂಕ, ಮೊಹರು ಹಾಕಿಸಿಕೊಳ್ಳಿ. ಒಪ್ಪದಿದ್ದರೆ ನೋಂದಾಯಿತ ಅಂಚೆಯಲ್ಲಿ ಕಳಿಸಿ. ಅರ್ಜಿ ತಡವಾಯಿತೆಂದು ಹಕ್ಕು ಹೋಗುವುದಿಲ್ಲ.

*ಜೂನ್ 11.* ಪಿಂಚಣಿಗೆ 10ಡಿ ನಮೂನೆ ಸಲ್ಲಿಸಿ, ಸ್ವೀಕೃತಿ ಸಂಖ್ಯೆ ಬರೆದಿಟ್ಟುಕೊಳ್ಳಿ.

*ಜುಲೈ 10.* ಗ್ರಾಚ್ಯುಟಿ ಪಾವತಿಯ 30 ದಿನ ಇಂದಿಗೆ ಮುಗಿಯುತ್ತದೆ. ಆಮೇಲಿನ ವಿಳಂಬಕ್ಕೆ ಸರಳ ಬಡ್ಡಿ ಕೊಡಬೇಕು. 1972ರ ಗ್ರಾಚ್ಯುಟಿ ಕಾಯ್ದೆಯ ಜಾಗಕ್ಕೆ 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಬಂದಿದ್ದರೂ ಈ 30 ದಿನ ಬದಲಾಗಿಲ್ಲ. 10ಡಿ ಅರ್ಜಿಯ ಸ್ಥಿತಿಯನ್ನೂ ಇಂದೇ ನೋಡಿ.

*ಜುಲೈ 20.* ಪಿ.ಎಫ್. ಮೊತ್ತಕ್ಕೆ 19ನೇ ನಮೂನೆ. ಜೂನ್ ತಿಂಗಳ ವಂತಿಗೆ ಕಟ್ಟಲು ಮಾಲೀಕರಿಗೆ ಜುಲೈ 15ರವರೆಗೆ ಅವಕಾಶವಿದೆ. ಅದಕ್ಕೂ ಮೊದಲೇ ಅರ್ಜಿ ಹಾಕಿದರೆ ಕೊನೆಯ ಕಂತು ಉಳಿದುಹೋಗಿ ಮತ್ತೊಂದು ಅರ್ಜಿ ಬೇಕಾಗುತ್ತದೆ. ಕೆಲಸ ಬಿಟ್ಟ ದಿನಾಂಕ ದಾಖಲಾಗಿದೆಯೇ ನೋಡಿ. ಮಾಲೀಕರು ನಮೂದಿಸದಿದ್ದರೆ, ಕೊನೆಯ ವಂತಿಗೆಯಾಗಿ ಎರಡು ತಿಂಗಳ ನಂತರ ನೀವೇ Mark Exit ಮೂಲಕ ನಮೂದಿಸಬಹುದು.

*ಆಗಸ್ಟ್ 9.* ಎಲ್ಲ ದಾಖಲೆ ಸರಿಯಿದ್ದ ಪಿ.ಎಫ್. ಅರ್ಜಿಯನ್ನು 20 ದಿನದಲ್ಲಿ ಇತ್ಯರ್ಥಪಡಿಸಬೇಕು. ಆ ಅವಧಿ ಇಂದಿಗೆ ಮುಗಿಯುತ್ತದೆ.

ಗಡುವು ಮೀರಿದರೆ

ಪಿ.ಎಫ್. ಮತ್ತು ಪಿಂಚಣಿಯ ದೂರನ್ನು EPFiGMS ಪೋರ್ಟಲ್‌ನಲ್ಲಿ ದಾಖಲಿಸಿ. ಹಳೆಯ ಸ್ವೀಕೃತಿ ಸಂಖ್ಯೆಯನ್ನು ಅದರಲ್ಲಿ ತಪ್ಪದೆ ಬರೆಯಿರಿ. ಗ್ರಾಚ್ಯುಟಿಯ ದೂರು ಕಾರ್ಮಿಕ ಇಲಾಖೆಯ ಅಧಿಕಾರಿಗೆ. ಆದರೆ ಕಂಪನಿಗೆ ಬೇರೆ ರಾಜ್ಯಗಳಲ್ಲೂ ಶಾಖೆಗಳಿದ್ದರೆ ಅದು ಕೇಂದ್ರ ಕಾರ್ಮಿಕ ಆಯುಕ್ತರ ವ್ಯಾಪ್ತಿ. ತಪ್ಪು ಕಚೇರಿಗೆ ಕೊಟ್ಟ ದೂರಿನಿಂದ ತಿಂಗಳುಗಳೇ ವ್ಯರ್ಥವಾಗುತ್ತವೆ, ಮೊದಲೇ ವಿಚಾರಿಸಿ.

ಪಿಂಚಣಿ ಆರಂಭವಾದ ಮೇಲೆ ವರ್ಷಕ್ಕೊಮ್ಮೆ ಜೀವಂತ ಪ್ರಮಾಣಪತ್ರ ಸಲ್ಲಿಸಬೇಕು. ನವೆಂಬರ್‌ಗೇ ಕಾಯಬೇಕಿಲ್ಲ, ಸಲ್ಲಿಸಿದ ದಿನದಿಂದ ಒಂದು ವರ್ಷ ಅದು ನಡೆಯುತ್ತದೆ. ಅವಧಿ ಮುಗಿದರೆ ಪಿಂಚಣಿ ನಿಲ್ಲುತ್ತದೆ, ಹೊಸದನ್ನು ಕೊಟ್ಟರೆ ಮತ್ತೆ ಬರುತ್ತದೆ.