ಪಂಪಿನ ಪಟ್ಟಿ ಮತ್ತು ಕಂಪ್ಯೂಟರಿನ ನೆನಪು



ಕಳೆದ ಯುಗಾದಿ ಊಟದ ಸಾಲಿನಲ್ಲಿ ನಿಂತಿದ್ದಾಗ ಹಿರಿಯರೊಬ್ಬರು ನನ್ನನ್ನು ಕೇಳಿದರು: "ಪಂಪಿನ ಕಾಗದಪತ್ರ ಅನುವಾದ ಮಾಡ್ತೀರಂತೆ. ಎಲ್ಲದರಲ್ಲೂ ಅದೇ ವಾಕ್ಯ ತಾನೇ? ಬೇಜಾರಾಗಲ್ವೇ?" ಬೇಜಾರಿಗಿಂತ ಭಯವೇ ಹೆಚ್ಚು ಎಂದೆ. ಏಕೆಂದು ಅಲ್ಲಿ ಹೇಳಲು ಆಗಲಿಲ್ಲ, ಹೋಳಿಗೆ ಬಂತು. ಇಲ್ಲಿ ಹೇಳುತ್ತೇನೆ.

ಇಲ್ಲಿ ಜರ್ಮನಿಯಲ್ಲಿ ನನ್ನ ಕೆಲಸ, ಪಂಪುಗಳ ತಾಂತ್ರಿಕ ವಿವರಪಟ್ಟಿಗಳನ್ನು ಜರ್ಮನ್‌ನಿಂದ ಇಂಗ್ಲಿಷಿಗೆ ತರುವುದು. ಒಮ್ಮೆ ಒಂದೇ ಕಂಪನಿಯ 140 ಪಟ್ಟಿಗಳು ಬಂದವು. ಅವುಗಳಲ್ಲಿ ಮುಕ್ಕಾಲು ಪಾಲು ವಾಕ್ಯಗಳು ಒಂದಕ್ಕೊಂದು ಅಣ್ಣತಮ್ಮಂದಿರು. ಇಂಥ ಕೆಲಸಕ್ಕೆ ನಾನು ಬಳಸುವುದು ಒಮೆಗಾಟಿ ಎಂಬ ಉಚಿತ ತಂತ್ರಾಂಶ. ಅದು ಕಡತವನ್ನು ವಾಕ್ಯವಾಕ್ಯವಾಗಿ ಒಡೆದು, ಮೂಲ ಮತ್ತು ನನ್ನ ಅನುವಾದವನ್ನು ಜೋಡಿಯಾಗಿ `project_save.tmx` ಎಂಬ ಕಡತದಲ್ಲಿ ಕೂಡಿಡುತ್ತದೆ. ಇದೇ ಅನುವಾದದ ನೆನಪು, ಅಂದರೆ ಟ್ರಾನ್ಸ್‌ಲೇಶನ್ ಮೆಮೊರಿ. ಹೊಸ ವಾಕ್ಯ ಬಂದಾಗ ಅದನ್ನು ಹೋಲುವ ಹಳೆಯದನ್ನು ಹುಡುಕಿ, ಎಷ್ಟು ಶೇಕಡ ಹೋಲುತ್ತದೆ ಎಂದು ಪಕ್ಕದಲ್ಲಿ ತೋರಿಸುತ್ತದೆ. ಪೂರ್ತಿ ಹೋಲದೇ ಇರುವುದಕ್ಕೆ ಫಜ್ಜಿ ಮ್ಯಾಚ್ ಎನ್ನುತ್ತಾರೆ. `Ctrl+R` ಒತ್ತಿದರೆ ಹಳೆಯ ಅನುವಾದ ಹೊಸ ಜಾಗಕ್ಕೆ ಬಂದು ಕೂರುತ್ತದೆ.

ಭಯ ಇರುವುದು ಆ ಒತ್ತುವಿಕೆಯಲ್ಲೇ. ತಂತ್ರಾಂಶ ಎಣಿಸುವುದು ಪದಗಳನ್ನು, ಅರ್ಥವನ್ನಲ್ಲ. "ಡಿ ಪುಂಪ ಡಾರ್ಫ್ ನಿಷ್ಟ್ ಟ್ರೊಕನ್ ಲಾವ್ಫನ್" ಎಂದರೆ ಪಂಪನ್ನು ದ್ರವವಿಲ್ಲದೆ ಒಣದಾಗಿ ಓಡಿಸಬಾರದು ಎಂದರ್ಥ. ಇದರಲ್ಲಿ ಆರು ಪದ. "ನಿಷ್ಟ್" ಒಂದನ್ನು ತೆಗೆದರೆ ಓಡಿಸಬಹುದು ಎಂದಾಗುತ್ತದೆ. ಗಾಳಿಯಿಂದ ನಡೆಯುವ ಡಯಾಫ್ರಾಂ ಪಂಪುಗಳ ಪಟ್ಟಿಯಲ್ಲಿ ಇದು ನಿಜವಾಗಿಯೂ ಇರುವ ವಾಕ್ಯ. ಆರರಲ್ಲಿ ಐದು ಪದ ಒಂದೇ ಆದ್ದರಿಂದ ಹೋಲಿಕೆ ಶೇಕಡ 83! ಅರ್ಥ ಮಾತ್ರ ತಿರುವುಮುರುವು. ಕಣ್ಣುಮುಚ್ಚಿ ಒಪ್ಪಿದರೆ, ಸೆಂಟ್ರಿಫ್ಯೂಗಲ್ ಪಂಪನ್ನು ಯಾರೋ ಒಣದಾಗಿ ಓಡಿಸಿ ಅದರ ಸೀಲ್ ಸುಟ್ಟುಕೊಳ್ಳುತ್ತಾರೆ.

ಅಂಕಿಗಳದು ಇನ್ನೊಂದು ಬಗೆ. ಒಮೆಗಾಟಿ ಪ್ರತಿ ಹೋಲಿಕೆಗೂ ಮೂರು ಶೇಕಡಾಂಶ ತೋರಿಸುತ್ತದೆ. ಮೊದಲ ಎರಡು ಅಂಕಿಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಮೂರನೆಯದು ಹಿಡಿಯುತ್ತದೆ. "ಗರಿಷ್ಠ ಒತ್ತಡ 10 ಬಾರ್" ಎಂಬ ಹಳೆಯ ವಾಕ್ಯದೆದುರು "16 ಬಾರ್" ಬಂದರೆ ಮೊದಲ ಎರಡು 100 ಎನ್ನುತ್ತವೆ, ಮೂರನೆಯದು ಮಾತ್ರ ಇಳಿದಿರುತ್ತದೆ. ಆದ್ದರಿಂದ ನಾನು ಮೊದಲು ನೋಡುವುದು ಮೂರನೆಯದನ್ನೇ. ಮೊದಲೆರಡು ನೂರಾಗಿದ್ದು ಮೂರನೆಯದು ಕಡಿಮೆ ಇದ್ದರೆ, ಎಲ್ಲೋ ಒಂದು ಅಂಕಿ ಬದಲಾಗಿರಬಹುದು ಎಂದು ಹುಡುಕುತ್ತೇನೆ.

ಈಗ ನನ್ನದೇ ಪಾಡು ಕೇಳಿ. ಆ 140 ಪಟ್ಟಿಗಳ ಜೊತೆ ಕಂಪನಿಯವರು ಹಿಂದಿನ ಅನುವಾದಕರ ಮೆಮೊರಿಯನ್ನೂ ಕೊಟ್ಟಿದ್ದರು. ಅದರಲ್ಲಿ "ಗ್ಲೈಟ್‌ರಿಂಗ್‌ಡಿಷ್ಟುಂಗ್" ಎಂಬ ಒಂದೇ ಭಾಗಕ್ಕೆ ಒಬ್ಬರು "ಮೆಕ್ಯಾನಿಕಲ್ ಸೀಲ್" ಎಂದೂ ಇನ್ನೊಬ್ಬರು "ಸ್ಲೈಡ್ ರಿಂಗ್ ಸೀಲ್" ಎಂದೂ ಬರೆದಿದ್ದರು. ಎರಡಕ್ಕೂ ನೂರಕ್ಕೆ ನೂರು ಹೋಲಿಕೆ ಬರುತ್ತಿತ್ತು, ನಾನೂ ಸಿಕ್ಕಿದ್ದನ್ನು ಒಪ್ಪುತ್ತಾ ಹೋದೆ. ಆಮೇಲೆ ಕೊಳ್ಳುವವರೊಬ್ಬರು ಇವು ಎರಡು ಬೇರೆ ಬಿಡಿಭಾಗಗಳೆಂದು ತಿಳಿದು ಎರಡನ್ನೂ ಕೇಳಿ ಬರೆದರು. ನನಗೆ ನಾಚಿಕೆಯಾಯಿತು.

ಸರಿಪಡಿಸಿದ್ದು ಹೀಗೆ. ಮೊದಲು ಕಂಪನಿಯ ಎಂಜಿನಿಯರರನ್ನೇ ಕೇಳಿ "ಮೆಕ್ಯಾನಿಕಲ್ ಸೀಲ್" ಎಂದು ಗೊತ್ತುಮಾಡಿಕೊಂಡೆ, ಅದನ್ನು ಗ್ಲಾಸರಿಗೆ ಸೇರಿಸಿದೆ. ಆಮೇಲೆ ಮೂಲದಲ್ಲಿ ಆ ಜರ್ಮನ್ ಪದ ಇರುವ ವಾಕ್ಯಗಳನ್ನೆಲ್ಲ ಹುಡುಕಿ ನನ್ನ ಅನುವಾದ ತಿದ್ದಿದೆ. ಕೊನೆಗೆ, ಹಳೆಯ ಮೆಮೊರಿಯನ್ನು ಅಳಿಸದೆ, ಈ ಹೆಸರಿನ ಫೋಲ್ಡರಿಗೆ ಸರಿಸಿದೆ:

```
tm/penalty-010
```

ಈ ಫೋಲ್ಡರಿನಿಂದ ಬರುವ ಹೋಲಿಕೆಗಳಿಗೆ ಹತ್ತು ಅಂಕ ಕಡಿತ. ಅಲ್ಲಿಂದ ನೂರು ಎಂಬುದು ಬರುವುದೇ ಇಲ್ಲ, ಹೆಚ್ಚೆಂದರೆ 90. ನಾನು ತಿದ್ದಿದ್ದು ಮೇಲೆ ನಿಲ್ಲುತ್ತದೆ, ಹಳೆಯದು ಸಲಹೆಯಾಗಿ ಕೆಳಗಿರುತ್ತದೆ.

ಆದರೂ ಒಂದು ಕಡೆ ಮತ್ತೆ ಎಡವಿದೆ. ಎಂಜಿನಿಯರರು ನಾನು ಕಳಿಸಿದ ವರ್ಡ್ ಕಡತದಲ್ಲೇ ನಾಲ್ಕು ವಾಕ್ಯ ತಿದ್ದಿ ಮುದ್ರಣಕ್ಕೆ ಕಳಿಸಿದ್ದರು. ಆ ತಿದ್ದುಪಡಿ ಮೆಮೊರಿಗೆ ತಾನಾಗಿ ಬರುವುದಿಲ್ಲ. ಮುಂದಿನ ಆವೃತ್ತಿಯಲ್ಲಿ ಅವೇ ನಾಲ್ಕು ತಪ್ಪುಗಳು ನೂರು ಅಂಕದ ಗತ್ತಿನಲ್ಲಿ ಹಾಜರಾದವು! ಈಗ ಯಾರು ಏನೇ ತಿದ್ದಿದರೂ ನನಗೆ ತಿಳಿಸಲು ಹೇಳಿದ್ದೇನೆ. ಮೊದಲು ಮೆಮೊರಿಯಲ್ಲಿ ತಿದ್ದಿ, ಅಲ್ಲಿಂದ ಕಡತವನ್ನು ಹೊಸದಾಗಿ ತೆಗೆಯುತ್ತೇನೆ. ಕಳಿಸುವ ಮುನ್ನ ಮೂಲ ಮತ್ತು ಅನುವಾದವನ್ನು ಪಕ್ಕಪಕ್ಕ ಇಟ್ಟು, ಅಂಕಿಗಳನ್ನೂ "ನಿಷ್ಟ್"ಗಳನ್ನೂ ಮಾತ್ರ ಒಮ್ಮೆ ಓದುತ್ತೇನೆ. 140 ಪಟ್ಟಿಗಳಿಗೆ ಒಂದು ದಿನ ಹಿಡಿಯಿತು.

ಊಟದ ಸಾಲಿನ ಆ ಹಿರಿಯರು ಇದನ್ನು ಓದುತ್ತಿದ್ದರೆ, ಬೇಜಾರಿಗೆ ಪುರುಸೊತ್ತೇ ಇಲ್ಲ ಎಂಬುದು ಈಗ ತಿಳಿಯಿತಲ್ಲವೇ? ಮುಂದಿನ ಸಮಾರಂಭದಲ್ಲಿ ಸಿಗೋಣ.