ಸಹಕಾರ ಸಂಘದ ಸದಸ್ಯರ ಖಾತಾ ಪುಸ್ತಕ: ಷೇರು, ಸಾಲ ಮತ್ತು ಮರುಪಾವತಿಯ ದಾಖಲೆ

1905ರಲ್ಲಿ ಗದಗ ಸಮೀಪದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘವನ್ನು ಸ್ಥಾಪಿಸಿದರು. ಸದಸ್ಯನು ಹಾಕಿದ ಷೇರು ಎಷ್ಟು, ಪಡೆದ ಸಾಲ ಎಷ್ಟು, ತೀರಿಸಿದ್ದು ಎಷ್ಟು ಎಂಬ ಮೂರು ಪ್ರಶ್ನೆಗಳಿಗೆ ಅಂದಿನ ಸಂಘವೂ ಇಂದಿನ ಗಣಕೀಕೃತ ಸಂಘವೂ ಒಂದೇ ಬಗೆಯಲ್ಲಿ ಉತ್ತರಿಸಬೇಕು. ಸಹಕಾರ ಸಂಘದ ಲೆಕ್ಕ ತಪಾಸಣೆ ಗ್ರಾಮ ಪಂಚಾಯಿತಿಯ ಅಧಿಕಾರವಲ್ಲ. ಆದರೆ ಪಂಚಾಯಿತಿ ಸದಸ್ಯರಲ್ಲಿ ಅನೇಕರು ಸಂಘದ ಸದಸ್ಯರೂ ಆಗಿರುತ್ತಾರೆ. "ನಾನು ಕಟ್ಟಿದರೂ ಸುಸ್ತಿದಾರನೆಂದು ಬರೆದಿದ್ದಾರೆ" ಎಂಬ ದೂರು ಮೊದಲು ಬರುವುದು ಅವರ ಬಳಿಗೇ. ಸುಸ್ತಿಯೆಂದು ದಾಖಲಾದ ರೈತನಿಗೆ ಹೊಸ ಸಾಲ ದೊರೆಯುವುದಿಲ್ಲ.

ಷೇರಿನ ಖಾತೆ ಮತ್ತು ಸಾಲದ ಖಾತೆಗಳನ್ನು ಒಂದೇ ಪುಟದಲ್ಲಿ ಬೆರೆಸದಿರುವುದು ವಿನ್ಯಾಸದ ಮೊದಲ ನಿಯಮ. ಷೇರು ಸದಸ್ಯನ ಬಂಡವಾಳ. ಸಾಲ ಅವನ ಹೊಣೆ. ಸದಸ್ಯ ಸಂಖ್ಯೆ ಮಾತ್ರ ಎರಡಕ್ಕೂ ಒಂದೇ ಇರಬೇಕು. ಒಂದೇ ಊರಿನಲ್ಲಿ ಒಂದೇ ಹೆಸರಿನವರು ಹಲವರಿರುವುದರಿಂದ ಹೆಸರನ್ನು ನಂಬಿ ಖಾತೆ ಹುಡುಕಬಾರದು. ಪ್ರತಿ ಸಾಲಕ್ಕೂ ಪ್ರತ್ಯೇಕ ಸಾಲ ಸಂಖ್ಯೆ ಮತ್ತು ಪ್ರತ್ಯೇಕ ಪುಟ ಅಗತ್ಯ; ಬೆಳೆ ಸಾಲ, ಮಧ್ಯಮಾವಧಿ ಸಾಲಗಳ ಬಡ್ಡಿ ದರವೂ ವಾಯಿದೆಯೂ ಬೇರೆಬೇರೆ.

ಒಂದು ಉದಾಹರಣೆಯನ್ನು ನೋಡಬಹುದು. ಲೆಕ್ಕ ಸುಲಭವಾಗಲೆಂದು ದರವನ್ನು ಶೇ. 12 ಎಂದು ಇಟ್ಟುಕೊಳ್ಳಲಾಗಿದೆ. ಭದ್ರಾವತಿ ತಾಲ್ಲೂಕಿನ ಅಡಿಕೆ ಬೆಳೆಗಾರ ಸದಸ್ಯರೊಬ್ಬರಿಗೆ 2024ರ ಜೂನ್ 1ರಂದು 50,000 ರೂಪಾಯಿ ಸಾಲ ಮಂಜೂರಾಯಿತು. ಉಪವಿಧಿಯ ಪ್ರಕಾರ ಸಾಲದ ಶೇ. 5 ಷೇರಿಗೆ ಹೋಗಬೇಕು ಎಂದಿಟ್ಟುಕೊಂಡರೆ 2,500 ರೂಪಾಯಿ ಹಿಡಿದು ಕೈಗೆ 47,500 ಕೊಡಲಾಗುತ್ತದೆ. ಇಲ್ಲಿಯೇ ಮೊದಲ ತಪ್ಪು ನಡೆಯುವ ಸಂಭವ ಹೆಚ್ಚು. ಸಾಲದ ಪುಟದಲ್ಲಿ 47,500 ಬರೆಯುವುದೂ ತಪ್ಪು, 50,000 ಬರೆದು ಷೇರಿನ ಪುಟವನ್ನು ಮರೆಯುವುದೂ ತಪ್ಪು. ಸಾಲ 50,000 ಎಂದೇ ಬರೆದು, ಅದೇ ದಿನ ಷೇರಿನ ಪುಟದಲ್ಲಿ 2,500 ಜಮಾ ಮಾಡಬೇಕು. ಷೇರಿನ ಮುಖಬೆಲೆ 100 ಆದರೆ ಅದು 25 ಷೇರು. ಮುಂದೆ ಲಾಭಾಂಶ ಲೆಕ್ಕವಾಗುವುದು ಆ ಜಮೆಯಿಂದಲೇ.

ಅಡಿಕೆ ಮಾರಿದಾಗ ಹಣ ಬರುವುದರಿಂದ ಮರುಪಾವತಿ ಸಮಾನ ಕಂತಿನಲ್ಲಿ ಆಗದು. ಆದ್ದರಿಂದ ಬಡ್ಡಿಯನ್ನು ದಿನಗಳ ಮೇಲೆ ಎಣಿಸಬೇಕು: ಬಾಕಿ ಅಸಲು × ದರ × ದಿನ ÷ 36,500. ಕಟ್ಟಿದ ಹಣ ಮೊದಲು ಬಡ್ಡಿಗೆ, ಉಳಿದದ್ದು ಅಸಲಿಗೆ.

| ದಿನಾಂಕ | ದಿನ | ಕಟ್ಟಿದ್ದು | ಬಡ್ಡಿಗೆ | ಅಸಲಿಗೆ | ಬಾಕಿ ಅಸಲು |
|---|---|---|---|---|---|
| 01-06-2024 | – | – | – | – | 50,000 |
| 01-09-2024 | 92 | 20,000 | 1,512 | 18,488 | 31,512 |
| 10-12-2024 | 100 | 15,000 | 1,036 | 13,964 | 17,548 |

ಸದಸ್ಯರು "50,000ದಲ್ಲಿ 35,000 ಕಟ್ಟಿದೆ, ಇನ್ನು 15,000 ಮಾತ್ರ" ಎನ್ನುತ್ತಾರೆ; ಸಂಘ 17,548 ಎನ್ನುತ್ತದೆ. ನಡುವಿನ 2,548 ಎರಡು ಬಾರಿಯ ಬಡ್ಡಿಯ ಮೊತ್ತ. ರಸೀದಿಯಲ್ಲಿ ಬಡ್ಡಿ ಮತ್ತು ಅಸಲನ್ನು ಬಿಡಿಸಿ ಬರೆದಿದ್ದರೆ ಈ ಜಗಳವೇ ಹುಟ್ಟುವುದಿಲ್ಲ. ಒಟ್ಟು ಮೊತ್ತವನ್ನಷ್ಟೇ ನಮೂದಿಸುವ ರಸೀದಿ ಅರ್ಧ ರಸೀದಿಯೇ ಸರಿ.

ತಿಂಗಳ ಕೊನೆಯಲ್ಲಿ ಎಲ್ಲ ಸಾಲದ ಪುಟಗಳ ಬಾಕಿ ಅಸಲನ್ನು ಕೂಡಿಸಿದರೆ ಸಾಮಾನ್ಯ ಖಾತೆಯ ಸಾಲದ ಶಿರ್ಷಿಕೆಯ ಮೊತ್ತಕ್ಕೆ ಹೊಂದಬೇಕು. ಹೊಂದದಿದ್ದಾಗ ವ್ಯತ್ಯಾಸವನ್ನು 9ರಿಂದ ಭಾಗಿಸಿ ನೋಡುವುದು ಹಳೆಯ ಗುಮಾಸ್ತರ ಉಪಾಯ. ಶೇಷವಿಲ್ಲದೆ ಭಾಗವಾದರೆ ಅಂಕಿಗಳು ಅದಲುಬದಲಾಗಿರುವ ಸಾಧ್ಯತೆಯುಂಟು: 31,512 ಬದಲು 31,152 ಬರೆದರೆ ವ್ಯತ್ಯಾಸ 360, ಅಂದರೆ 9ರ 40 ಪಟ್ಟು. ತಿದ್ದುವಾಗ ಹಳೆಯ ಅಂಕಿಯನ್ನು ಅಳಿಸಬಾರದು. ತಪ್ಪು ನಮೂದನ್ನು ವಿರುದ್ಧ ನಮೂದಿನಿಂದ ರದ್ದುಗೊಳಿಸಿ, ಕಾರಣ ಮತ್ತು ಸಹಿಯೊಂದಿಗೆ ಸರಿಯಾದದ್ದನ್ನು ಹೊಸದಾಗಿ ಬರೆಯಬೇಕು. ಗಣಕಯಂತ್ರದಲ್ಲಿಯೂ ನಿಯಮ ಇದೇ.

ಆದರೆ ಈ ತಾಳೆಗೆ ಒಂದು ಮಿತಿ ಇದೆ, ಮತ್ತು ಹೆಚ್ಚಿನ ಅನ್ಯಾಯ ಅಡಗುವುದು ಅಲ್ಲಿಯೇ. 214ನೆಯ ಸದಸ್ಯರು ಕಟ್ಟಿದ 15,000 ರೂಪಾಯಿಯನ್ನು 241ನೆಯವರ ಪುಟದಲ್ಲಿ ಜಮಾ ಮಾಡಿದರೆ ಒಟ್ಟು ಮೊತ್ತ ಕಿಂಚಿತ್ತೂ ಬದಲಾಗದು. ತಾಳೆ ಸರಿಯಾಗಿಯೇ ಕಾಣುತ್ತದೆ. ಕಟ್ಟಿದವರು ಸುಸ್ತಿದಾರರಾಗುತ್ತಾರೆ, ಕಟ್ಟದವರ ಸಾಲ ತೀರುತ್ತದೆ. ಇದನ್ನು ಹಿಡಿಯಲು ಸದಸ್ಯರ ಪಾಸ್ ಪುಸ್ತಕ ಮತ್ತು ರಸೀದಿಯನ್ನು ಪುಟದೊಂದಿಗೆ ಹೋಲಿಸುವುದೇ ದಾರಿ. ಪ್ರತಿ ಮರುಪಾವತಿಯ ಸಾಲಿನಲ್ಲಿ ರಸೀದಿ ಸಂಖ್ಯೆಗೊಂದು ಅಂಕಣವಿದ್ದರೆ ಹೋಲಿಕೆ ಕೆಲವೇ ನಿಮಿಷಗಳ ಕೆಲಸ. ಇಲ್ಲದಿದ್ದರೆ ನಗದು ಪುಸ್ತಕವನ್ನು ದಿನದಿನಕ್ಕೆ ತಿರುವಬೇಕಾಗುತ್ತದೆ. ದೂರು ಹೊತ್ತು ಬಂದ ರೈತರ ಬಳಿ ಪಂಚಾಯಿತಿ ಸದಸ್ಯರು ಮೊದಲು ಕೇಳಬೇಕಾದದ್ದು ರಸೀದಿಯನ್ನು. ಅದರ ಸಂಖ್ಯೆ, ದಿನಾಂಕ ಮತ್ತು ಸದಸ್ಯ ಸಂಖ್ಯೆಯನ್ನು ಉಲ್ಲೇಖಿಸಿ ಸಂಘದ ಮುಖ್ಯ ಕಾರ್ಯನಿರ್ವಹಣಾಧಿಕಾರಿಗೆ ಲಿಖಿತ ಮನವಿ ಕೊಡಿಸಿ, ಸ್ವೀಕೃತಿ ಪಡೆಯಬೇಕು.