ಪರರ ಚೆಲುವಿನ ಹೊಗಳಿಕೆ, ಮನೆಯವರ ಮನಸ್ಸು: ಆರು ಸೂತ್ರಗಳು

ಕುರ್ಡಿಯಿಂದ ಮಾನ್ವಿಗೆ ಮದುವೆ ಊಟಕ್ಕೆ ಬಂದ ದಂಪತಿಯನ್ನು ಊಹಿಸಿಕೊಳ್ಳಿ. ಪಂಕ್ತಿಯಲ್ಲಿ ಕೂತ ಗಂಡ ಎದುರು ಸಾಲಿನ ಹೆಂಗಸೊಬ್ಬಳ ಕಡೆ ಕಣ್ಣು ಹಾಯಿಸಿ, "ಆಕಿ ನೋಡು, ಎಷ್ಟು ಚೆಂದ ಕಾಣ್ತಾಳ" ಎನ್ನುತ್ತಾನೆ. ಹೆಂಡತಿಯ ಎಲೆಯಲ್ಲಿ ಹೋಳಿಗೆ ಹಾಗೇ ಉಳಿಯುತ್ತದೆ. ಅವನು ಅದನ್ನು ಗಮನಿಸುವುದೂ ಇಲ್ಲ. ಇದು ಬಾಯಿ ಹಗುರಾದ ಮನುಷ್ಯನ ಚಾಳಿಯೋ, ಹೆಂಡತಿಯ ಮನಸ್ಸಿಗೆ ಬೆಲೆ ಕೊಡದ ಉಡಾಫೆಯೋ? ಆ ಒಂದು ಮಾತಿನಿಂದಲೇ ತೀರ್ಮಾನಿಸಲಾಗದು. ತಿಳಿದುಕೊಳ್ಳಲು ದಾರಿಗಳಿವೆ.

1. ಹೊಗಳಿಕೆಯ ಬೆನ್ನಿಗೆ ಏನು ಬರುತ್ತದೆ ಕೇಳಿ

"ಆಕಿ ಚೆಂದ ಅದಾಳ" ಎಂದು ಮಾತು ನಿಂತರೆ ಅದು ಬರೀ ಮೆಚ್ಚುಗೆ. "ಆಕಿ ಹೆಂಗ ಅದಾಳ ನೋಡು, ನೀನೂ ಅದಿ" ಎಂದು ಮುಂದುವರಿದರೆ ಅದು ಹೋಲಿಕೆ. ಅಲ್ಲಿ ಹೊಗಳಿಕೆ ನೆಪ, ಏಟು ನಿಮಗೆ. ಯಾರ ಮುಂದೆ ಹೇಳಿದರು ಎಂಬುದೂ ಮುಖ್ಯ. ಟಿವಿಯಲ್ಲಿ ನಟಿಯನ್ನು ಕಂಡು ಅಂದ ಮಾತು ಬೇರೆ. ಅತ್ತೆ, ನಾದಿನಿ, ಗೆಳೆಯರು ಕೂತಿರುವಾಗ ಪಕ್ಕದ ಮನೆಯವಳನ್ನು ಹೊಗಳಿ ನಿಮ್ಮ ಕಡೆ ನೋಡಿ ನಗುವುದು ಬೇರೆ. ಮೊದಲನೆಯದನ್ನು ಬಿಟ್ಟುಬಿಡಬಹುದು. ಎರಡನೆಯದನ್ನು ಆ ದಿನವೇ ಲೆಕ್ಕಕ್ಕೆ ತೆಗೆದುಕೊಳ್ಳಿ.

2. ಆ ಕಣ್ಣು ನಿಮ್ಮ ಮೇಲೂ ನಿಲ್ಲುತ್ತದೆಯೇ?

ಕೆಲವರಿಗೆ ಚೆಂದ ಕಂಡದ್ದನ್ನೆಲ್ಲ ಬಾಯಿಬಿಟ್ಟು ಹೇಳುವ ಸ್ವಭಾವ. ಕಾರಹುಣ್ಣಿಮೆಯಲ್ಲಿ ಸಿಂಗಾರಗೊಂಡ ಎತ್ತು, ಕಾಲುವೆ ನೀರಿಗೆ ತೆನೆ ಬಿಟ್ಟ ಭತ್ತ, ಮುದುಕರ ಪಟಗ, ಮಗುವಿನ ನಗು ಎಲ್ಲವನ್ನೂ ಅವರು ಹೊಗಳುತ್ತಾರೆ. ನೀವು ಹೊಸ ಇಳಕಲ್ ಸೀರೆ ಉಟ್ಟಾಗಲೂ "ಚೆಂದ ಕಾಣ್ತಿ" ಎನ್ನುತ್ತಾರೆ. ಅಂಥವರ ಮಾತಿನಲ್ಲಿ ವಿಷವಿಲ್ಲ. ಆದರೆ ಊರಿನವರನ್ನೆಲ್ಲ ಹೊಗಳುವ ಬಾಯಿ ಮನೆಯವರ ವಿಷಯದಲ್ಲಿ ಮಾತ್ರ ವರ್ಷಗಟ್ಟಲೆ ಮುಚ್ಚಿದ್ದರೆ, ನಿಮಗೆ ನೋವಾಗುವುದು ಅಸೂಯೆಯಿಂದಲ್ಲ, ಕೊರತೆಯಿಂದ. ಹಾಗಿದ್ದರೆ ನೀವು ಕೇಳಬೇಕಾದದ್ದು "ಬೇರೆಯವರನ್ನು ಹೊಗಳಬೇಡಿ" ಎಂದಲ್ಲ, "ನನ್ನನ್ನೂ ನೋಡಿ" ಎಂದು.

3. ನಿಮ್ಮ ನೋವಿನ ಬೇರು ಹುಡುಕಿ

ಹೆಣ್ಣು ನೋಡಲು ಬಂದವರು ಬಣ್ಣದ ಬಗ್ಗೆ ಆಡಿದ ಮಾತು, ಹೆರಿಗೆಯ ನಂತರ ದಪ್ಪಗಾದಿ ಎಂದ ಓರಗಿತ್ತಿಯ ಚುಚ್ಚು ಮನಸ್ಸಿನಲ್ಲಿ ಉಳಿದಿದ್ದರೆ, ಇಂದಿನ ಸಾದಾ ಮಾತೂ ಆ ಹಳೆಯ ಗಾಯಕ್ಕೇ ತಾಗುತ್ತದೆ. ನೋವು ಸುಳ್ಳಲ್ಲ, ಆದರೆ ಅಷ್ಟೂ ತಪ್ಪು ಇಂದಿನ ಮಾತಿನದಲ್ಲ. ಗಂಡನಿಗೆ ಆ ಹಳೆಯ ಸಂಗತಿ ಗೊತ್ತೇ ಇರಲಿಕ್ಕಿಲ್ಲ. ಅದನ್ನೂ ಹೇಳಿ. ಹೇಳದೆ ಮೊಬೈಲ್ ತಪಾಸಣೆಗೆ ಇಳಿಯಬೇಡಿ. ಚೆಂದ ಎನ್ನುವುದಕ್ಕೂ ಸಂಬಂಧ ಇಟ್ಟುಕೊಳ್ಳುವುದಕ್ಕೂ ದೂರ ಬಹಳ. ಒಂದೇ ಹೆಸರು ಮತ್ತೆ ಮತ್ತೆ ಬರುವುದು, ಕೇಳಿದರೆ ಮಾತು ಮರೆಸುವುದು ಕಂಡರೆ ಅದು ಬೇರೆಯೇ ವಿಷಯ. ಆಗ ನೇರವಾಗಿ ಅದನ್ನೇ ಕೇಳಿ.

4. ಒಮ್ಮೆ ಹೇಳಿ, ಸರಿಯಾಗಿ ಹೇಳಿ

ಮದುವೆ ಮಂಟಪದಲ್ಲಿ ಬೇಡ, ವಾಪಸು ಬರುವ ಬಸ್ಸಿನಲ್ಲೂ ಬೇಡ. ಮರುದಿನ ಮಕ್ಕಳು ಮಲಗಿದ ಮೇಲೆ ಕೂತು ಮಾತಾಡಿ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಸಿಬಿಲ್ ಕರೆರ್ ಮತ್ತು ಜಾನ್ ಗಾಟ್‌ಮನ್ 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 124 ನವದಂಪತಿಗಳ ಜಗಳಗಳನ್ನು ಗಮನಿಸಿದ್ದರು. ಮೊದಲ 3 ನಿಮಿಷದ ಧಾಟಿಗೂ ಮುಂದೆ ಆ ಮದುವೆ ಉಳಿಯುವುದಕ್ಕೂ ನಂಟು ಅವರಿಗೆ ಕಂಡಿತು. ಆದ್ದರಿಂದ ಶುರುವಿನ ಮಾತನ್ನು ಮೊದಲೇ ಯೋಚಿಸಿಟ್ಟುಕೊಳ್ಳಿ.

"ನಿಮಗ ಯಾವಾಗಲೂ ಕಂಡವರ ಮ್ಯಾಲೇ ಕಣ್ಣು" ಎಂದು ಶುರುಮಾಡಿದರೆ ಅವರು ತಮ್ಮ ನಡತೆಯನ್ನು ಸಮರ್ಥಿಸಿಕೊಳ್ಳಲು ಇಳಿಯುತ್ತಾರೆ. ನಿಮ್ಮ ನೋವು ಅಲ್ಲೇ ಕಳೆದುಹೋಗುತ್ತದೆ. ಬದಲಿಗೆ ಮೂರು ಸಂಗತಿ ಇಡಿ: ಯಾವಾಗ, ಏನಾಯಿತು, ಏನು ಬೇಕು. "ಏನ್ರಿ, ನಿನ್ನೆ ಊಟದಾಗ ನೀವು ಆಕಿನ್ನ ಹೊಗಳಿದ್ರಿ. ಎಲ್ಲರೂ ನನ್ನ ಮಾರಿ ನೋಡಿದ್ರು, ನನಗ ಭಾಳ ಬ್ಯಾಸರಾತು. ಇನ್ನ ಮ್ಯಾಲೆ ಮಂದಿ ಮುಂದ ಹಂಗ ಅನಬ್ಯಾಡ್ರಿ." ಇಷ್ಟೇ ಸಾಕು. ಹೋದ ವರ್ಷದ ಜಾತ್ರೆಯ ಲೆಕ್ಕ ತೆಗೆಯಬೇಡಿ.

5. ಉತ್ತರಕ್ಕಿಂತ ಮುಂದಿನ ತಿಂಗಳನ್ನು ನೋಡಿ

ಚಾಳಿಗೂ ಉಡಾಫೆಗೂ ಇರುವ ವ್ಯತ್ಯಾಸ ತಿಳಿಯುವುದು ಇಲ್ಲಿ. "ನಾ ಸುಮ್ನ ಅಂದೆ, ನಿನಗ ಅಷ್ಟು ಹತ್ತತದಂತ ಗೊತ್ತಿದ್ದಿಲ್ಲ" ಎಂದವರು ಆಮೇಲೂ ಒಂದೆರಡು ಸಲ ಬಾಯಿತಪ್ಪಬಹುದು. ತಪ್ಪಿದ ಕೂಡಲೇ ನಾಲಿಗೆ ಕಚ್ಚಿಕೊಂಡು ನಿಮ್ಮ ಕಡೆ ನೋಡಿದರೆ ಅದು ಚಾಳಿ. ಬಿಡಲು ಸಮಯ ಬೇಕು, ಕೊಡಿ.

ಕೆಲವರು "ಸಣ್ಣದನ್ನ ದೊಡ್ಡದು ಮಾಡಬ್ಯಾಡ" ಎಂದು ಎದ್ದುಹೋಗುತ್ತಾರೆ. ಅವರಿಗೆ ಇನ್ನೊಮ್ಮೆ, ಅಷ್ಟೇ ಶಾಂತವಾಗಿ ಹೇಳಬೇಕು. ಬೇಕಿದ್ದರೆ ಅದಲುಬದಲು ಮಾಡಿ ಕೇಳಿ: "ನಿಮ್ಮ ಗೆಳೆಯರ ಮುಂದ ನಾ ಇನ್ನೊಬ್ಬರ ರೂಪ ಹೊಗಳಿದ್ರ ನಿಮಗ ಹೆಂಗ ಅನಸ್ತದ?" ಗಂಡಸರ ರೂಪ ಹೊಗಳುವ ಹೆಂಡತಿಗೂ ಇದೇ ಪ್ರಶ್ನೆ ಅನ್ವಯಿಸುತ್ತದೆ.

ಮೂರನೆಯ ಬಗೆಯವರು ನಿಮಗೆ ನೋವಾಗುತ್ತದೆ ಎಂದು ತಿಳಿದ ಮೇಲೆ ಅದನ್ನೇ ಹೆಚ್ಚು ಮಾಡುತ್ತಾರೆ. ಜಗಳವಾದ ದಿನ ಬೇಕೆಂದೇ ಹೊಗಳುತ್ತಾರೆ, ನೀವು ಕಣ್ಣೀರು ಹಾಕಿದರೆ ನಗುತ್ತಾರೆ. ಇದನ್ನು ಚಾಳಿ ಎಂದು ಕರೆದು ಸಮಾಧಾನ ಪಟ್ಟುಕೊಳ್ಳಬೇಡಿ.

6. ಮಿತಿ ಮೀರಿದರೆ ಒಬ್ಬರೇ ನುಂಗಬೇಡಿ

"ಗಂಡ ಬಡಿದಿಲ್ಲ, ಬೈದಿಲ್ಲ, ಏನಂತ ಹೇಳಲಿ" ಎಂದು ಬಹಳ ಹೆಣ್ಣುಮಕ್ಕಳು ಸುಮ್ಮನಿರುತ್ತಾರೆ. 2022ರ ಆಗಸ್ಟ್‌ನಲ್ಲಿ ಕೇರಳ ಹೈಕೋರ್ಟ್ ಒಂದು ವಿಚ್ಛೇದನ ಪ್ರಕರಣದಲ್ಲಿ ಇದಕ್ಕೆ ಸ್ಪಷ್ಟ ಉತ್ತರ ಕೊಟ್ಟಿದೆ. ಹೆಂಡತಿ ತನ್ನ ನಿರೀಕ್ಷೆಗೆ ತಕ್ಕವಳಲ್ಲ ಎಂದು ಸದಾ ಹೀಯಾಳಿಸುವುದು, ಬೇರೆ ಹೆಂಗಸರ ಜೊತೆ ಹೋಲಿಸುವುದು ಮಾನಸಿಕ ಕ್ರೌರ್ಯ, ಅದನ್ನು ಹೆಂಡತಿ ಸಹಿಸಬೇಕಿಲ್ಲ ಎಂದು ನ್ಯಾಯಾಲಯ ಹೇಳಿತು. ಒಮ್ಮೆ ಆಡಿದ ಮಾತು ಕ್ರೌರ್ಯವಾಗುವುದಿಲ್ಲ. ತೀರ್ಪಿನ ಒತ್ತು ಇದ್ದದ್ದು ಪದೇಪದೇ ನಡೆದ ಹೀಯಾಳಿಕೆಯ ಮೇಲೆ. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ, 2005 ಕೂಡ ಅವಮಾನ, ಅಪಹಾಸ್ಯಗಳನ್ನು ದೌರ್ಜನ್ಯದ ಪಟ್ಟಿಯಲ್ಲಿ ಸೇರಿಸಿದೆ.

ಹಾಗೆಂದು ಮೊದಲ ಹೆಜ್ಜೆಯೇ ಕೋರ್ಟ್ ಆಗಬೇಕಿಲ್ಲ. ಇಬ್ಬರೂ ಗೌರವಿಸುವ, ಮಾತು ಹೊರಗೆ ಬಿಡದ ಹಿರಿಯರೊಬ್ಬರ ಮುಂದೆ ಕೂತು ಮಾತಾಡಿ. ಅದಕ್ಕೂ ಬಗ್ಗದಿದ್ದರೆ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಬಹುದು. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ಈ ಕಾಯ್ದೆಯಡಿ ಸಂರಕ್ಷಣಾಧಿಕಾರಿಗಳು. ಅವರ ಕಚೇರಿಗೂ ಹೋಗಬಹುದು. ಹೋಗುವ ಮೊದಲು ಯಾವ ದಿನ, ಯಾರ ಮುಂದೆ, ಯಾವ ಮಾತು ಎಂದು ಒಂದು ವಹಿಯಲ್ಲಿ ಬರೆದಿಟ್ಟಿರಿ. "ಯಾವಾಗಲೂ ಅಂತಾರ" ಎನ್ನುವುದಕ್ಕಿಂತ ಆ ಬರಹಕ್ಕೆ ತೂಕ ಹೆಚ್ಚು.

ಹೊಗಳುವ ಅಭ್ಯಾಸವಿರುವವರಿಗೂ ಒಂದು ಮಾತು. ಚೆಂದವನ್ನು ಮೆಚ್ಚುವ ಕಣ್ಣನ್ನು ಯಾರೂ ಕಿತ್ತುಕೊಳ್ಳುವುದಿಲ್ಲ. ಕಂಡದ್ದನ್ನೆಲ್ಲ ಹೇಳಲೇಬೇಕು ಎಂಬ ನಿಯಮವೂ ಇಲ್ಲ. "ನನಗೆ ನೋವಾಗುತ್ತದೆ" ಎಂದು ಮನೆಯವರು ಒಮ್ಮೆ ಹೇಳಿದ ಮೇಲೆ ಗೊತ್ತಿರಲಿಲ್ಲ ಎಂಬ ನೆಪಕ್ಕೆ ಜಾಗವಿಲ್ಲ. ಅಲ್ಲಿಂದ ಮುಂದೆ ಆಡುವ ಪ್ರತಿ ಮಾತೂ ನೀವು ತಿಳಿದೇ ಆಡಿದ್ದು.